ಪಾಂಪ್ಲೆಟ್ ಮೇಲಿನ ಕ್ಯೂಆರ್ ಕೋಡ್: ಸ್ಕ್ಯಾನೂ ಆಗಬೇಕು, ಉಪಯೋಗಕ್ಕೂ ಬರಬೇಕು

ಬೆಳಗಿನ ಪೇಪರ್ ಬಿಡಿಸಿದರೆ ಒಳಗಿಂದ ಜಾರಿ ಬೀಳುವ ಪಾಂಪ್ಲೆಟ್‌ಗಳನ್ನು ಒಮ್ಮೆ ಗಮನಿಸಿ. ಟ್ಯೂಷನ್, ವಾಟರ್ ಫಿಲ್ಟರ್ ಸರ್ವೀಸ್, ಸೀರೆ ಸೇಲ್, ಮನೆ ಊಟ ಯಾವುದೇ ಇರಲಿ, ಮೂಲೆಯಲ್ಲೊಂದು ಕ್ಯೂಆರ್ ಕೋಡ್ ಇರುವುದು ಈಗ ಮಾಮೂಲಿ. ಕುತೂಹಲಕ್ಕೆ ಸ್ಕ್ಯಾನ್ ಮಾಡಿ ನೋಡಿದರೆ ಕೆಲವು ಓದುವುದೇ ಇಲ್ಲ. ಇನ್ನು ಕೆಲವು ಓದುತ್ತವೆ, ಆದರೆ ಲಾಗಿನ್ ಕೇಳುವ ಪುಟಕ್ಕೋ, 'ಅನುಮತಿ ಇಲ್ಲ' ಅನ್ನುವ ಪುಟಕ್ಕೋ ಕರೆದುಕೊಂಡು ಹೋಗುತ್ತವೆ. ಪಾಂಪ್ಲೆಟ್ ಕೈಯಲ್ಲಿ ಇರುವುದೇ ಕೆಲವು ಸೆಕೆಂಡ್. ಅಷ್ಟರಲ್ಲಿ ಕೆಲಸ ಆಗದಿದ್ದರೆ ಅದು ಸೀದಾ ರದ್ದಿ ಕಟ್ಟಿಗೆ ಸೇರುತ್ತೆ.

ನಾನು ಕೆಲಸ ಮಾಡುವುದು ಮುದ್ರಣದ ಡಿಸೈನ್‌ನಲ್ಲಿ. ಹಾಗಾಗಿ ಮನೆಯವರು, ಸ್ನೇಹಿತರು ಪಾಂಪ್ಲೆಟ್ ಮಾಡಿಸುವಾಗ ನನ್ನನ್ನು ಹಿಡಿದುಕೊಳ್ಳುತ್ತಾರೆ. ಇತ್ತೀಚೆಗೆ ಮೈಸೂರಿನಲ್ಲಿರುವ ಚಿಕ್ಕಮ್ಮನಿಗೆ ಮಾಡಿಕೊಟ್ಟ ಒಂದು ಪಾಂಪ್ಲೆಟ್ಟನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಅದರ ಕೋಡ್ ಹೇಗೆ ಸಿದ್ಧವಾಯಿತು ಅಂತ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮದು ಯೋಗ ಕ್ಲಾಸ್ ಇರಲಿ, ಅಪಾರ್ಟ್‌ಮೆಂಟಿನ ಸಂತೆ ಇರಲಿ, ಲೆಕ್ಕ ಇದೇ.

ಚಿಕ್ಕಮ್ಮನದು ಮನೆ ಊಟದ ಡಬ್ಬಿ. ಸಹಾಯಕ್ಕೆ ಇಬ್ಬರು ಹೆಂಗಸರಿದ್ದಾರೆ. ದಿನಕ್ಕೆ ಹದಿನೈದು ಡಬ್ಬಿ ಹೋಗುತ್ತಿತ್ತು. ಮೂವತ್ತಾದರೆ ಆ ಇಬ್ಬರ ಸಂಬಳ ಕೊಟ್ಟು ಮೇಲೆ ಒಂದಿಷ್ಟು ಉಳಿಯುತ್ತೆ, ಇಲ್ಲದಿದ್ದರೆ ಒಬ್ಬರನ್ನು ಬಿಡಿಸಬೇಕು ಅನ್ನೋ ಪರಿಸ್ಥಿತಿ. ಅದಕ್ಕೇ ಅಂತ ಹತ್ತಿರದ ಡಿಟಿಪಿ ಅಂಗಡಿಯಲ್ಲಿ 2000 ಪಾಂಪ್ಲೆಟ್ ಹಾಕಿಸಿ ಪೇಪರ್ ಏಜೆಂಟರಿಗೆ ಕೊಟ್ಟಿದ್ದರು. ಮೊದಲ ವಾರ ಒಂದಷ್ಟು ಆರ್ಡರ್ ಬಂತು. ಆಮೇಲೆ ಪೂರಾ ನಿಂತೇ ಹೋಯಿತು. "ಸ್ಕ್ಯಾನ್ ಮಾಡಿದ್ರೆ ಏನೋ ಇಂಗ್ಲಿಷಲ್ಲಿ ದುಡ್ಡು ಕಟ್ಟಿ ಅಂತ ಬರುತ್ತಂತೆ ಕಣೇ, ಪಕ್ಕದ ರೋಡಿನವ್ರು ಹೇಳಿದ್ರು," ಅಂತ ಚಿಕ್ಕಮ್ಮ ಫೋನ್ ಮಾಡಿದರು.

ಕೋಡ್ ಒಳಗೆ ನಿಜಕ್ಕೂ ಇರುವುದು ಏನು?

ಕ್ಯೂಆರ್ ಕೋಡ್ ಅಂದರೆ ಚೌಕಗಳಲ್ಲಿ ಬರೆದ ಅಕ್ಷರಗಳು, ಅಷ್ಟೇ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ವಾಹನಗಳ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ ಇದನ್ನು ತಯಾರಿಸಿತು. ಅದರೊಳಗೆ ವೆಬ್ ವಿಳಾಸ ಬರೆದರೆ ಫೋನು ಆ ವಿಳಾಸವನ್ನು ಓದಿ ತೆರೆಯುತ್ತೆ. ಮಧ್ಯೆ ಯಾವ ಕಂಪನಿಯೂ ಬೇಕಾಗಿಲ್ಲ. ಇಂಥ ಕೋಡ್‌ಗೆ ಎಕ್ಸ್‌ಪೈರಿ ಡೇಟ್ ಅಂತ ಏನೂ ಇಲ್ಲ. ಒಳಗಿರುವ ವಿಳಾಸ ಬದುಕಿರುವವರೆಗೆ ಕೋಡೂ ಬದುಕಿರುತ್ತೆ.

ಹಾಗಾದರೆ ಚಿಕ್ಕಮ್ಮನ ಕೋಡ್ ಸತ್ತಿದ್ದು ಹೇಗೆ? ನಾನು ಪಾಂಪ್ಲೆಟ್ಟಿನ ಫೋಟೋ ತರಿಸಿಕೊಂಡು ಫೋನಿನ ಕ್ಯಾಮೆರಾ ಹಿಡಿದೆ. ಲಿಂಕ್ ತೆರೆಯುವ ಮೊದಲು ಪರದೆ ಮೇಲೆ ಒಂದು ಚಿಕ್ಕ ಪಟ್ಟಿಯಲ್ಲಿ ವಿಳಾಸ ಕಾಣಿಸುತ್ತಲ್ಲ, ಅದನ್ನು ಓದಿದೆ. ಅಲ್ಲಿ ಚಿಕ್ಕಮ್ಮನ ಪುಟದ ವಿಳಾಸವೇ ಇರಲಿಲ್ಲ. ಕೋಡ್ ಮಾಡಿಕೊಡುವ ಯಾವುದೋ ವೆಬ್‌ಸೈಟಿನ ವಿಳಾಸ ಇತ್ತು. ಅಂದರೆ ಸ್ಕ್ಯಾನ್ ಮಾಡಿದವರು ಮೊದಲು ಆ ಕಂಪನಿಯ ಬಾಗಿಲಿಗೆ ಹೋಗುತ್ತಾರೆ, ಅಲ್ಲಿಂದ ಅದು ಚಿಕ್ಕಮ್ಮನ ಪುಟಕ್ಕೆ ಕಳಿಸುತ್ತೆ. ಇದಕ್ಕೆ 'ಡೈನಾಮಿಕ್' ಕೋಡ್ ಅಂತಾರೆ. ಉಚಿತ ಟ್ರಯಲ್ ಮುಗಿದ ಮೇಲೆ ಆ ಬಾಗಿಲು ಮುಚ್ಚಿತು. ಪಾಂಪ್ಲೆಟ್ ಮಾತ್ರ ಆಗಲೇ 2000 ಮನೆ ಸೇರಿತ್ತು.

ಡೈನಾಮಿಕ್ ಕೋಡ್ ಕೆಟ್ಟದ್ದು ಅಂತಲ್ಲ. ಮುದ್ರಿಸಿದ ಮೇಲೂ ಅದು ಕರೆದೊಯ್ಯುವ ಜಾಗ ಬದಲಾಯಿಸಬಹುದು, ಎಷ್ಟು ಜನ ಸ್ಕ್ಯಾನ್ ಮಾಡಿದರು ಅಂತ ನೋಡಬಹುದು. ಆದರೆ ಆ ಬಾಗಿಲಿನ ಕೀಲಿ ನಿಮ್ಮ ಕೈಯಲ್ಲಿ ಇರಬೇಕು. ಅದಕ್ಕೆ ಸುಲಭದ ದಾರಿ ಸ್ವಂತ ಡೊಮೇನ್. ಡಾಟ್ ಇನ್ ಥರದ ಹೆಸರು ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಒಳಗೇ ಸಿಗುತ್ತೆ. ಕೋಡ್‌ನಲ್ಲಿ ಆ ಹೆಸರನ್ನೇ ಬರೆದು, ಅಲ್ಲಿ ಯಾವ ಪುಟ ಕಾಣಬೇಕು ಅನ್ನೋದನ್ನು ನೀವೇ ಬೇಕೆಂದಾಗ ಬದಲಾಯಿಸಿಕೊಳ್ಳಬಹುದು. ಕೋಡ್ ಸ್ಥಿರ, ಪುಟ ಚಲ. ಎರಡರ ಲಾಭವೂ ಸಿಕ್ಕಿತಲ್ಲ.

ಇಲ್ಲಿ ಎರಡು ಎಚ್ಚರಿಕೆ. ಡೊಮೇನ್ ಮಾರುವವರು ಕೊಡುವ ಫಾರ್ವರ್ಡಿಂಗ್ ಸೌಲಭ್ಯ ಬಳಸುವುದಾದರೆ, ವಿಳಾಸದ ಮುಂದೆ `https://` ಹಾಕಿಯೇ ತೆರೆದು ನೋಡಿ. ಕೆಲವು ಕಡೆ ಅದು `http://`ಗೆ ಮಾತ್ರ ಕೆಲಸ ಮಾಡುತ್ತೆ, ಎಸ್ ಸೇರಿಸಿದ ಕೂಡಲೇ ಫೋನು ಹೆದರಿಸುವ ಎಚ್ಚರಿಕೆ ಪುಟ ತೋರಿಸುತ್ತೆ. ಎರಡನೆಯದು, ಡೊಮೇನನ್ನು ಪ್ರತಿ ವರ್ಷ ರಿನ್ಯೂ ಮಾಡಬೇಕು. ಬಿಟ್ಟರೆ ಆ ಹೆಸರನ್ನು ಬೇರೆ ಯಾರಾದರೂ ಕೊಳ್ಳಬಹುದು. ಆಗ ನಿಮ್ಮ ಹಳೇ ಪಾಂಪ್ಲೆಟ್ಟು ಅವರ ಜಾಹೀರಾತಾಗುತ್ತೆ.

ಲಿಂಕ್ ಚಿಕ್ಕದಾದಷ್ಟೂ ಚೌಕ ದಪ್ಪ

"ಪುಟ ಗಿಟ ಎಲ್ಲಾ ಯಾಕೆ? ಸ್ಕ್ಯಾನ್ ಮಾಡಿದ್ರೆ ಸೀದಾ ವಾಟ್ಸ್ಯಾಪ್ ತೆರೀಲಿ, 'ನಮಸ್ಕಾರ, ನಾಳೆ ಊಟ ಬೇಕು' ಅಂತ ಬರೆದಿರ್ಲಿ. ಅವ್ರು ಕಳಿಸಿದ್ರೆ ಸಾಕು," ಅಂದರು ಚಿಕ್ಕಮ್ಮ. ಐಡಿಯಾ ಚೆನ್ನಾಗಿದೆ. ವಾಟ್ಸ್ಯಾಪ್ ಲಿಂಕ್‌ನಲ್ಲಿ ಹಾಗೆ ಸಂದೇಶ ತುಂಬಿಡುವುದಕ್ಕೆ ಬರುತ್ತೆ. ಆದರೆ ಕನ್ನಡದಲ್ಲಿ ಬರೆದಾಗ ಒಂದು ತೊಂದರೆ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ.

ವೆಬ್ ವಿಳಾಸದೊಳಗೆ ಕನ್ನಡ ಅಕ್ಷರ ಇದ್ದ ಹಾಗೇ ಹೋಗುವುದಿಲ್ಲ, ಸಂಕೇತವಾಗಿ ಬದಲಾಗುತ್ತೆ. 'ಕ' ಅನ್ನುವ ಒಂದೇ ಅಕ್ಷರ ಹೀಗಾಗುತ್ತೆ:

```
%E0%B2%95
```

ಒಂದು ಅಕ್ಷರಕ್ಕೆ ಒಂಬತ್ತು! ಒತ್ತು, ಗುಣಿತದ ಚಿಹ್ನೆಗಳೂ ತಲಾ ಒಂಬತ್ತು ಅಂತಲೇ ಲೆಕ್ಕ. ಚಿಕ್ಕಮ್ಮನ ವಾಕ್ಯದಲ್ಲಿ ಅಕ್ಷರ, ಚಿಹ್ನೆ ಎಲ್ಲ ಸೇರಿ 17 ಇವೆ, ಅಂದರೆ 153. ಮಧ್ಯದ ಖಾಲಿ ಜಾಗ ಮತ್ತು ಅಲ್ಪವಿರಾಮಕ್ಕೆ ಇನ್ನೊಂದು 12. ಮುಂದಿನ `https://wa.me/91XXXXXXXXXX?text=` ಭಾಗಕ್ಕೆ 32. ಒಟ್ಟು 197 ಅಕ್ಷರಗಳ ಲಿಂಕ್.

ಕೋಡ್‌ನೊಳಗೆ ಅಕ್ಷರ ಹೆಚ್ಚಿದಂತೆ ಚೌಕಗಳ ಸಂಖ್ಯೆ ಹೆಚ್ಚುತ್ತೆ. ಅತಿ ಚಿಕ್ಕ ಕ್ಯೂಆರ್ ಕೋಡ್‌ನಲ್ಲಿ ಒಂದು ಸಾಲಿಗೆ 21 ಚೌಕ. ಅಲ್ಲಿಂದ ಮುಂದೆ 25, 29, 33 ಹೀಗೆ ನಾಲ್ಕು ನಾಲ್ಕು ಸೇರುತ್ತಾ 177ರ ತನಕ ಹೋಗುತ್ತೆ. ಸಾಮಾನ್ಯ ಮಟ್ಟದ ಸೆಟಿಂಗ್‌ನಲ್ಲಿ 197 ಅಕ್ಷರಕ್ಕೆ ಸಾಲಿಗೆ 57 ಚೌಕ ಬೇಕು. ಅದರ ಬದಲು ಈ ಲಿಂಕ್ ನೋಡಿ (ಹೆಸರು ಉದಾಹರಣೆಗೆ ಮಾತ್ರ, ನಿಮ್ಮ ಡೊಮೇನ್ ಹಾಕಿಕೊಳ್ಳಿ):

```
https://example.com/oota
```

ಇದರಲ್ಲಿ 24 ಅಕ್ಷರ. 26ರ ತನಕ ಸಾಲಿಗೆ 25 ಚೌಕದ ಕೋಡ್ ಸಾಕು.

ಎರಡನ್ನೂ ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಮುದ್ರಿಸಿದೆವು ಅಂದುಕೊಳ್ಳಿ. ಚಿಕ್ಕ ಲಿಂಕಿನ ಕೋಡ್‌ನಲ್ಲಿ ಪ್ರತಿ ಚೌಕ ಸರಿಯಾಗಿ 1 ಮಿಲಿಮೀಟರ್. ಉದ್ದ ಲಿಂಕಿನದರಲ್ಲಿ 0.44 ಮಿಲಿಮೀಟರ್, ಅರ್ಧಕ್ಕಿಂತ ಕಡಿಮೆ. ಒಳ್ಳೆ ಬೆಳಕಿನಲ್ಲಿ ಹೊಸ ಫೋನು ಎರಡನ್ನೂ ಓದುತ್ತೆ. ಆದರೆ ಪಾಂಪ್ಲೆಟ್ ಹೋಗುವುದು ಎಲ್ಲರ ಮನೆಗೆ. ಗೀರು ಬಿದ್ದ ಕ್ಯಾಮೆರಾ, ಮಂದ ಬಲ್ಬು, ನಡುಗುವ ಕೈ, ತೆಳು ಕಾಗದ ಇವೆಲ್ಲ ಒಟ್ಟಿಗೆ ಸೇರಿದಾಗ ಗೆಲ್ಲುವುದು ದಪ್ಪ ಚೌಕ.

ಹಾಗಾದರೆ ಕನ್ನಡ ಸಂದೇಶದ ಐಡಿಯಾ ಬಿಡಬೇಕಾ? ಬೇಡ. ಅದನ್ನು ಪುಟದಲ್ಲಿರುವ ವಾಟ್ಸ್ಯಾಪ್ ಬಟನ್‌ಗೆ ಕೊಟ್ಟೆ. ಬಟನ್ ಹಿಂದಿನ ಲಿಂಕ್ ಎಷ್ಟು ಉದ್ದ ಇದ್ದರೂ ಯಾರಿಗೂ ತೊಂದರೆ ಇಲ್ಲ. ಕಾಗದದ ಮೇಲೆ ಬರುವ ಲಿಂಕ್ ಮಾತ್ರ ಚಿಕ್ಕದಿರಬೇಕು.

ಕೋಡ್‌ನ ಅಗಲ ಎಷ್ಟಿರಬೇಕು ಅನ್ನೋದಕ್ಕೆ ನಮ್ಮ ಕಸುಬಿನಲ್ಲಿ ಒಂದು ಅಂದಾಜಿದೆ: ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗ. ಕೈಯಲ್ಲಿ ಹಿಡಿದ ಪಾಂಪ್ಲೆಟ್ ಫೋನಿಗೆ ಸುಮಾರು 25 ಸೆಂಟಿಮೀಟರ್ ದೂರ ಇರುತ್ತೆ, ಹಾಗಾಗಿ 2.5 ಸೆಂಟಿಮೀಟರ್. ಅದೇ ಡಿಸೈನನ್ನು ದೊಡ್ಡದು ಮಾಡಿ ಅಂಗಡಿ ಗೋಡೆಗೆ ಅಂಟಿಸಿ, ಜನ ಒಂದೂವರೆ ಮೀಟರ್ ಆಚೆ ನಿಲ್ಲುತ್ತಾರೆ ಅಂದರೆ 15 ಸೆಂಟಿಮೀಟರ್ ಬೇಕು.

ಕಾಗದಕ್ಕೆ ಬಂದಾಗ

ಕೋಡ್ ತಯಾರಿಸಲು ನಾನು ಬಳಸಿದ್ದು ಇಂಕ್‌ಸ್ಕೇಪ್ ಅನ್ನುವ ಉಚಿತ ಸಾಫ್ಟ್‌ವೇರ್. ಅದರಲ್ಲಿ `Extensions > Render > Barcode > QR Code` ಒತ್ತಿ ಲಿಂಕ್ ಬರೆದರೆ ಕೋಡ್ ಬರುತ್ತೆ. ಅದನ್ನು ಎಸ್‌ವಿಜಿ ಅಥವಾ ಪಿಡಿಎಫ್ ಆಗಿ ಉಳಿಸಿ, ಪ್ರೆಸ್‌ಗೆ ಹಾಗೇ ಕೊಡಬೇಕು. ಈ ಥರದ ಫೈಲ್‌ನಲ್ಲಿ ಚೌಕಗಳು ರೇಖೆಗಳಾಗಿ ಇರುತ್ತವೆ, ಎಷ್ಟು ಹಿಗ್ಗಿಸಿದರೂ ಅಂಚು ಚೂಪಾಗೇ ಉಳಿಯುತ್ತೆ.

ಆದರೆ ನಿಜ ಜೀವನದಲ್ಲಿ ನಡೆಯುವುದು ಬೇರೆ. ಯಾರೋ ಕೋಡ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸುತ್ತಾರೆ, ಡಿಟಿಪಿಯವರು ಅದನ್ನೇ ಹಿಗ್ಗಿಸಿ ಕೂರಿಸುತ್ತಾರೆ. ವಾಟ್ಸ್ಯಾಪ್ ಫೋಟೋವನ್ನು ಕುಗ್ಗಿಸುವಾಗ ಚೌಕದ ಅಂಚಿನಲ್ಲಿ ಬೂದು ಬಣ್ಣದ ಮಸುಕು ಸೇರುತ್ತೆ. ಒಂದೇ ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಬೂದು ಅನ್ನುವ ಇಂಕ್ ಇಲ್ಲ. ಅದು ಸಣ್ಣ ಸಣ್ಣ ಕಪ್ಪು ಚುಕ್ಕಿಗಳಾಗಿ ಬೀಳುತ್ತೆ. ಅಂಚೆಲ್ಲ ಗರಗಸದ ಹಲ್ಲಿನ ಹಾಗೆ. ವಾಟ್ಸ್ಯಾಪ್‌ನಲ್ಲೇ ಕಳಿಸಬೇಕಾದರೆ ಫೋಟೋ ಆಗಿ ಕಳಿಸಬೇಡಿ, ಪಿಡಿಎಫನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ.

ಮುಂದಿನದು ಖಾಲಿ ಜಾಗ. ಕೋಡ್‌ನ ನಾಲ್ಕೂ ಕಡೆ ನಾಲ್ಕು ಚೌಕದಷ್ಟು ಅಗಲದ ಖಾಲಿ ಅಂಚು ಇರಬೇಕು ಅಂತ ಕ್ಯೂಆರ್ ಕೋಡ್‌ನ ನಿಯಮವೇ ಹೇಳುತ್ತೆ. ಕೋಡ್ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಫೋನು ತಿಳಿಯುವುದು ಅದರಿಂದ. ನಮ್ಮ ಕೋಡ್‌ನಲ್ಲಿ ಚೌಕ 1 ಮಿಲಿಮೀಟರ್, ಹಾಗಾಗಿ ಸುತ್ತ 4 ಮಿಲಿಮೀಟರ್. ಎಲ್ಲ ಸೇರಿ 33 ಮಿಲಿಮೀಟರ್ ಅಗಲದ ಜಾಗ. ಎ5 ಪಾಂಪ್ಲೆಟ್ಟಿನ ಅಗಲ 148 ಮಿಲಿಮೀಟರ್, ಇಷ್ಟು ಜಾಗ ಕೊಡುವುದು ಕಷ್ಟವಲ್ಲ. ಆದರೂ ಡಿಸೈನ್ ಮಾಡುವವರು ಸುತ್ತ ಹೂವಿನ ಬಾರ್ಡರ್ ಎಳೆದು ಆ ಜಾಗವನ್ನು ತಿಂದುಬಿಡುತ್ತಾರೆ. ಪೂರ್ತಿ ಡಿಸೈನ್ ಮುಗಿದ ಮೇಲೆ ಸ್ಕೇಲ್ ಇಟ್ಟು ಅಳೆದು ನೋಡುವುದು ಒಳ್ಳೇದು.

ಬಣ್ಣದ ವಿಷಯಕ್ಕೆ ಬಂದರೆ, ತಿಳಿ ಬಣ್ಣದ ಮೇಲೆ ಕಪ್ಪು ಅನ್ನೋದಕ್ಕಿಂತ ಭದ್ರವಾದದ್ದು ಇನ್ನೊಂದಿಲ್ಲ. ಚಿಕ್ಕಮ್ಮ ಆರಿಸಿದ್ದು ಅಗ್ಗದ ಹಳದಿ ಕಾಗದ, ಅದರ ಮೇಲೆ ಕಪ್ಪು ಇಂಕ್ ಚೆನ್ನಾಗಿ ಎದ್ದು ಕಾಣುತ್ತೆ. ಗಾಢ ಗುಲಾಬಿ, ಗಾಢ ಹಸಿರು ಕಾಗದವಾದರೆ ಅಂತರ ಕಡಿಮೆ ಆಗುತ್ತೆ. ಅನುಮಾನ ಇದ್ದರೆ ಕಾಗದದ ಫೋಟೋ ತೆಗೆದು, ಫೋನಿನಲ್ಲೇ ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ಹಾಕಿ ನೋಡಿ. ಕೋಡ್ ಮತ್ತು ಹಿನ್ನೆಲೆ ಎರಡೂ ಬೂದು ಬೂದಾಗಿ ಬೆರೆತರೆ ಸ್ಕ್ಯಾನರ್‌ಗೂ ಹಾಗೇ ಕಾಣುತ್ತೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಕೋಡ್ ಹಾಕುವ ಫ್ಯಾಷನ್ ಒಂದಿದೆ. ಕೆಲವು ಸ್ಕ್ಯಾನರ್‌ಗಳು ಅದನ್ನು ಓದುವುದೇ ಇಲ್ಲ. ಬಹುವರ್ಣದ ಮುದ್ರಣವಾದರೆ ಪ್ರೆಸ್‌ನವರಿಗೆ ಒಂದು ಮಾತು ಹೇಳಿ: ಕೋಡ್ ಬರೀ ಕಪ್ಪು ಇಂಕಿನಲ್ಲೇ ಬರಲಿ, ನಾಲ್ಕು ಬಣ್ಣ ಬೆರೆಸಿದ ಕಪ್ಪು ಬೇಡ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಚೌಕದ ಅಂಚಿಗೆ ಬಣ್ಣದ ನೆರಳು ಬರುತ್ತೆ.

ಪೇಪರ್ ಒಳಗೆ ಹಾಕುವ ಪಾಂಪ್ಲೆಟ್ಟಿನ ಕಾಗದ ತೆಳು. ಹಿಂಬದಿಯ ಮುದ್ರಣ ಈ ಕಡೆಗೆ ಇಣುಕುತ್ತೆ. ಚಿಕ್ಕಮ್ಮನ ಪಾಂಪ್ಲೆಟ್ಟಿನ ಹಿಂಬದಿಯಲ್ಲಿ ವಾರದ ಮೆನುವಿನ ಕಪ್ಪು ಪಟ್ಟಿ ಇತ್ತು, ಸರಿಯಾಗಿ ಕೋಡ್‌ನ ಬೆನ್ನಿಗೆ ಬರುತ್ತಿತ್ತು. ಅದನ್ನು ಮೇಲಕ್ಕೆ ಸರಿಸಿ ಕೋಡ್‌ನ ಬೆನ್ನನ್ನು ಖಾಲಿ ಬಿಟ್ಟೆ. ಹಾಗೇ ಮಡಿಕೆ ಬೀಳುವ ಗೆರೆಯ ಮೇಲೆ, ಕತ್ತರಿಸುವ ಅಂಚಿನ ಹತ್ತಿರ ಕೋಡ್ ಬರದ ಹಾಗೆ ನೋಡಿಕೊಂಡೆ.

ಕೊನೆಗೆ ಚಿಕ್ಕಮ್ಮನ ಮಗನ ಬೇಡಿಕೆ. "ಅಕ್ಕಾ, ಮಧ್ಯದಲ್ಲಿ ಬಾಳೆ ಎಲೆ ಲೋಗೋ ಹಾಕೋಣ, ಸೂಪರಾಗಿ ಕಾಣತ್ತೆ," ಅಂದ. ಕ್ಯೂಆರ್ ಕೋಡ್‌ನಲ್ಲಿ ಸ್ವಲ್ಪ ಭಾಗ ಹಾಳಾದರೂ ಉಳಿದದ್ದರಿಂದ ಲೆಕ್ಕ ಹಾಕಿ ಓದುವ ವ್ಯವಸ್ಥೆ ಇದೆ. ಅದಕ್ಕೆ `L`, `M`, `Q`, `H` ಅಂತ ನಾಲ್ಕು ಮಟ್ಟ. ಸುಮಾರು ಶೇ. 7, 15, 25, 30ರಷ್ಟು ಹಾನಿಯನ್ನು ಅವು ಸರಿದೂಗಿಸುತ್ತವೆ. ಲೋಗೋ ಹಾಕಿದರೆ ಅದು ಈ ಉಳಿತಾಯವನ್ನೇ ಖರ್ಚು ಮಾಡುತ್ತೆ. ಆಮೇಲೆ ಅಡುಗೆಮನೆಯ ಎಣ್ಣೆ ಕೈ ತಾಗಿದಾಗ, ಮಳೆಹನಿ ಬಿದ್ದಾಗ ಸರಿದೂಗಿಸುವುದಕ್ಕೆ ಏನೂ ಉಳಿದಿರುವುದಿಲ್ಲ. `H` ಹಾಕಿದರೆ ತಡೆದುಕೊಳ್ಳುತ್ತೆ, ಆದರೆ ಸಾಮಾನ್ಯವಾಗಿ ಚೌಕಗಳ ಸಂಖ್ಯೆ ಏರುತ್ತೆ. ನಮ್ಮ ಲಿಂಕ್‌ಗೆ 25 ಇದ್ದದ್ದು 29 ಆಗುತ್ತೆ. ನಾನು `M` ಇಟ್ಟು, ಬಾಳೆ ಎಲೆಯನ್ನು ಕೋಡ್‌ನ ಖಾಲಿ ಅಂಚಿನ ಆಚೆ ಪಕ್ಕದಲ್ಲಿ ಹಾಕಿದೆ. ಇನ್ನೊಂದು ಮಾತು: ಮೂರು ಮೂಲೆಯ ದೊಡ್ಡ ಚೌಕಗಳಿಗೆ ಈ ರಕ್ಷಣೆ ಇಲ್ಲ. ಫೋನು ಕೋಡನ್ನು ಹುಡುಕುವುದೇ ಅವುಗಳಿಂದ. ಅವುಗಳ ಮೇಲೆ ಏನೂ ಬರಕೂಡದು.

ಸ್ಕ್ಯಾನ್ ಆಯ್ತು, ಮುಂದೆ?

ನಮ್ಮಲ್ಲಿ ಕ್ಯೂಆರ್ ಕೋಡ್ ಅಂದ ಕೂಡಲೇ ತಲೆಗೆ ಬರುವುದು ಯುಪಿಐ. ತರಕಾರಿ ಗಾಡಿಯಿಂದ ಹಿಡಿದು ದೇವಸ್ಥಾನದ ಹುಂಡಿ ತನಕ ಎಲ್ಲ ಕಡೆ ಅದೇ ಅಭ್ಯಾಸ. ಹಾಗಾಗಿ ಪಾಂಪ್ಲೆಟ್ಟಿನ ಕೋಡನ್ನೂ ಎಷ್ಟೋ ಜನ ಪೇಮೆಂಟ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುತ್ತಾರೆ. ಯುಪಿಐ ಕೋಡ್ ಒಳಗೆ `upi://pay` ಅಂತ ಶುರುವಾಗುವ ವಿಳಾಸ ಇರುತ್ತೆ. ನಮ್ಮದರಲ್ಲಿ ಇರುವುದು ವೆಬ್ ವಿಳಾಸ. ಪೇಮೆಂಟ್ ಆ್ಯಪ್ ಅದನ್ನು ಒಪ್ಪದೆ 'ಸರಿಯಾದ ಕೋಡ್ ಅಲ್ಲ' ಅಂತ ಹೇಳಬಹುದು, ಜನ ಕೋಡೇ ಸರಿ ಇಲ್ಲ ಅಂದುಕೊಂಡು ಬಿಡುತ್ತಾರೆ. ಇನ್ನು ಕೆಲವರಿಗೆ ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತೇನೋ ಅನ್ನುವ ಭಯ.

ಎರಡಕ್ಕೂ ಮದ್ದು ಕೋಡ್ ಪಕ್ಕದ ಒಂದು ಸಾಲು. 'ಸ್ಕ್ಯಾನ್ ಮಾಡಿ' ಅಂತ ಮಾತ್ರ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ನಾವು ಬರೆದದ್ದು ಹೀಗೆ: 'ಈ ವಾರದ ಮೆನು ಮತ್ತು ದರ ನೋಡಲು ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ. ಇದು ಹಣ ಪಾವತಿ ಕೋಡ್ ಅಲ್ಲ.' ಅದರ ಕೆಳಗೆ ವಿಳಾಸವನ್ನು ಅಕ್ಷರದಲ್ಲೂ ಮುದ್ರಿಸಿದೆವು. ಕೋಡ್ ಓದದಿದ್ದರೆ ಟೈಪ್ ಮಾಡಬಹುದು. ಸ್ಕ್ಯಾನ್ ಮಾಡಿದವರಿಗೂ ಪರದೆ ಮೇಲಿನ ವಿಳಾಸ ಮತ್ತು ಕಾಗದದ ಮೇಲಿನದು ಒಂದೇ ಅಂತ ಖಾತ್ರಿ ಆಗುತ್ತೆ. ಲಿಂಕ್ ಚಿಕ್ಕದಿದ್ದದ್ದು ಇಲ್ಲೂ ಉಪಯೋಗಕ್ಕೆ ಬಂತು.

ಪುಟ ಹೇಗಿರಬೇಕು? ಪಾಂಪ್ಲೆಟ್ ಹಿಡಿದವರ ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇದೆ ಅಂದುಕೊಂಡು ಯೋಚಿಸಿ. ಮೊದಲ ಪರದೆಯಲ್ಲೇ, ಕೆಳಗೆ ಸರಿಸದೆ, ಬೇಕಾದದ್ದು ಕಾಣಬೇಕು. ನಮ್ಮ ಪುಟದ ತಲೆಯಲ್ಲಿ ನಾಳೆಯ ಊಟ ಏನು, ದರ ಎಷ್ಟು, ಯಾವ ಯಾವ ಬಡಾವಣೆಗೆ ಡಬ್ಬಿ ಬರುತ್ತೆ, ರಾತ್ರಿ ಎಷ್ಟು ಗಂಟೆಯೊಳಗೆ ಹೇಳಬೇಕು ಅನ್ನುವ ನಾಲ್ಕು ಸಾಲು. ಅದರ ಕೆಳಗೆ ಎರಡು ದೊಡ್ಡ ಬಟನ್: ವಾಟ್ಸ್ಯಾಪ್ ಮತ್ತು ಫೋನ್. ವಾಟ್ಸ್ಯಾಪ್ ಒತ್ತಿದರೆ ಚಿಕ್ಕಮ್ಮ ಹೇಳಿದ ಕನ್ನಡ ವಾಕ್ಯ ತಯಾರಾಗಿ ಬರುತ್ತೆ. ಊಟದ ಫೋಟೋಗಳು ಇನ್ನೂ ಕೆಳಗೆ, ಅವೂ ಸಣ್ಣ ಗಾತ್ರದವು, ನೆಟ್‌ವರ್ಕ್ ಮಂದ ಇದ್ದಾಗ ಪುಟ ತಡವಾಗದ ಹಾಗೆ.

ಬಹಳ ಜನ ಕೋಡನ್ನು ಇನ್‌ಸ್ಟಾಗ್ರಾಮ್ ಪ್ರೊಫೈಲ್‌ಗೆ ಕೊಡುತ್ತಾರೆ. ಅಕೌಂಟ್ ಇಲ್ಲದವರಿಗೆ ಅಲ್ಲಿ ಲಾಗಿನ್ ಗೋಡೆ ಅಡ್ಡ ಬರುತ್ತೆ. ಗೂಗಲ್ ಡ್ರೈವ್‌ನಲ್ಲಿ ಮೆನು ಪಿಡಿಎಫ್ ಇಟ್ಟು ಶೇರಿಂಗ್ ಬದಲಾಯಿಸದಿದ್ದರೆ, ನೋಡಲು ಬಂದವರಿಗೆ ಅನುಮತಿ ಕೇಳುವ ಪುಟ ಸಿಗುತ್ತೆ. ಗೂಗಲ್ ಫಾರ್ಮ್‌ನಲ್ಲಿ ಒಬ್ಬರಿಗೆ ಒಂದೇ ಉತ್ತರ ಅನ್ನುವ ಸೆಟಿಂಗ್ ಆನ್ ಇದ್ದರೆ ಸೈನ್ ಇನ್ ಆಗಲೇಬೇಕು. ಮಾಡಿದವರ ಫೋನಿನಲ್ಲಿ ಇವು ಯಾವುವೂ ಕಾಣುವುದಿಲ್ಲ, ಯಾಕಂದರೆ ಅವರು ಆಗಲೇ ಲಾಗಿನ್ ಆಗಿರುತ್ತಾರೆ. ಹಾಗಾಗಿ ಲಿಂಕನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಬರುವ ಅಪರಿಚಿತರಿಗೆ ಏನು ಕಾಣುತ್ತೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಪ್ರೆಸ್‌ಗೆ ಕೊಡುವ ಮುನ್ನ

ಕಂಪ್ಯೂಟರ್ ಪರದೆ ಮೇಲಿನ ಕೋಡನ್ನು ಸ್ಕ್ಯಾನ್ ಮಾಡಿ "ಓಕೆ" ಅನ್ನುವುದು ಪರೀಕ್ಷೆ ಅಲ್ಲ. ಪರದೆ ಹೊಳೆಯುತ್ತೆ, ಅಲ್ಲಿ ಇಂಕ್ ಹರಡುವುದಿಲ್ಲ. ನಾನು ಮಾಡಿದ್ದು ಹೀಗೆ. ಅಸಲಿ ಅಳತೆಗೆ ಒಂದು ಪ್ರಿಂಟ್ ತೆಗೆದೆ. ಪ್ರಿಂಟ್ ಕೊಡುವಾಗ `Fit to page` ಬಿಟ್ಟು `100%` ಅಥವಾ `Actual size` ಆರಿಸಬೇಕು, ಇಲ್ಲದಿದ್ದರೆ ಅಳತೆ ಸದ್ದಿಲ್ಲದೆ ಬದಲಾಗುತ್ತೆ. ಆಮೇಲೆ ಆ ಪ್ರಿಂಟನ್ನು ಒಮ್ಮೆ ಜೆರಾಕ್ಸ್ ಮಾಡಿಸಿದೆ. ಜೆರಾಕ್ಸ್‌ನಲ್ಲಿ ಕಪ್ಪು ದಪ್ಪಗಾಗಿ ಗುಣಮಟ್ಟ ಇಳಿಯುತ್ತೆ, ಅಗ್ಗದ ಮುದ್ರಣದ ಕೆಟ್ಟ ದಿನಕ್ಕೆ ಅದು ಒಳ್ಳೆ ಅಂದಾಜು. ಜೆರಾಕ್ಸ್ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಬಿಡಿಸಿ, ಸಂಜೆ ಅಡುಗೆಮನೆಯ ಬಲ್ಬಿನ ಕೆಳಗೆ ಮೂರು ಫೋನಿನಲ್ಲಿ ನೋಡಿದೆವು. ಒಂದು ನನ್ನದು, ಒಂದು ಚಿಕ್ಕಮ್ಮನದು, ಮೂರನೆಯದು ಸಹಾಯಕ್ಕೆ ಬರುವ ಅಕ್ಕನ ಹಳೇ ಫೋನು, ಪರದೆ ಬಿರುಕು ಬಿಟ್ಟಿದ್ದು.

ಗಮನಿಸಬೇಕಾದದ್ದು ಓದಿತೋ ಇಲ್ಲವೋ ಅನ್ನೋದನ್ನು ಮಾತ್ರವಲ್ಲ, ಎಷ್ಟು ಬೇಗ ಓದಿತು ಅನ್ನೋದನ್ನೂ. ಫೋನು ಹಿಡಿದ ತಕ್ಷಣ ವಿಳಾಸ ಬಂದರೆ ಸರಿ. ಹತ್ತಿರ ದೂರ ಮಾಡಿ, ಓರೆ ಮಾಡಿ, ಎರಡು ಮೂರು ಸೆಕೆಂಡ್ ಕಾಯಬೇಕಾದರೆ ಕೋಡ್ ಅಂಚಿನಲ್ಲಿದೆ ಅಂತ ಅರ್ಥ. ಆಗ ಕೋಡ್ ದೊಡ್ಡದು ಮಾಡಿ ಅಥವಾ ಲಿಂಕ್ ಚಿಕ್ಕದು ಮಾಡಿ. ಹೋಲಿಕೆಗೆ ಅಂತ ನಾನು 197 ಅಕ್ಷರದ ವಾಟ್ಸ್ಯಾಪ್ ಕೋಡನ್ನೂ ಅದೇ ಅಳತೆಯಲ್ಲಿ ಜೆರಾಕ್ಸ್ ಮಾಡಿಸಿದ್ದೆ. ನನ್ನ ಫೋನು ಅದನ್ನು ತಡವರಿಸಿ ಓದಿತು. ಹಳೇ ಫೋನು ಓದಲೇ ಇಲ್ಲ. ಚಿಕ್ಕ ಲಿಂಕಿನದು ಮೂರರಲ್ಲೂ ತಕ್ಷಣ ಬಂತು. "ಅಯ್ಯೋ, ನಂದ್ರಲ್ಲೂ ಬಂತು ನೋಡಮ್ಮ!" ಅಂದರು ಆ ಅಕ್ಕ.

ಕೊನೆಯ ಪರೀಕ್ಷೆ ಪ್ರೆಸ್‌ನಲ್ಲೇ. ಮೊದಲ ಕೆಲವು ಹಾಳೆ ಬಂದಾಗ ಮೆಷಿನ್ ನಿಲ್ಲಿಸಿ ಸ್ಕ್ಯಾನ್ ಮಾಡಲು ಬಿಡಿ ಅಂತ ಮುಂಚೆಯೇ ಕೇಳಿಕೊಳ್ಳಿ. ಆಫ್‌ಸೆಟ್‌ನಲ್ಲಿ ಇಂಕ್ ಹೆಚ್ಚಾದರೆ ಕಪ್ಪು ಚೌಕಗಳು ಊದಿಕೊಂಡು ಮಧ್ಯದ ಬಿಳಿ ಕಿರಿದಾಗುತ್ತೆ. ಸುತ್ತ ಕಪ್ಪಿರುವ ಒಂಟಿ ಬಿಳಿ ಚೌಕವನ್ನು ಹುಡುಕಿ ನೋಡಿ. ಅದು ಕಪ್ಪು ಚೌಕದಷ್ಟೇ ಅಗಲ ಇದ್ದರೆ ಸರಿ, ಸೊರಗಿದ್ದರೆ ಇಂಕ್ ಸ್ವಲ್ಪ ಕಡಿಮೆ ಮಾಡಲು ಹೇಳಿ. ಆ ಹೊತ್ತಿಗೆ ಹಾಳಾಗುವುದು ಹತ್ತು ಹಾಳೆ, ಎರಡು ಸಾವಿರವಲ್ಲ. ಪ್ರೆಸ್‌ನಲ್ಲಿ ನಿಂತಾಗ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲೇ ಪುಟ ತೆರೆದು ನೋಡಿ, ಜನ ನೋಡುವುದೂ ಹಾಗೇ.

ಈಗ ಚಿಕ್ಕಮ್ಮನ ಡಬ್ಬಿ ದಿನಕ್ಕೆ ಇಪ್ಪತ್ತಾರಕ್ಕೆ ಬಂದಿದೆ. ಮೂವತ್ತು ಇನ್ನೂ ಆಗಿಲ್ಲ, ಆದರೆ ಇಬ್ಬರೂ ಸಹಾಯಕರು ಉಳಿದಿದ್ದಾರೆ. ಆರ್ಡರ್ ಮಾಡಿದವರಲ್ಲಿ ಎಲ್ಲರೂ ಸ್ಕ್ಯಾನ್ ಮಾಡಿ ಬಂದವರೇನಲ್ಲ. ವಯಸ್ಸಾದವರು ಹೆಚ್ಚಿನವರು ನೇರ ಫೋನ್ ಮಾಡುತ್ತಾರೆ, ಅದಕ್ಕೆ ನಂಬರನ್ನು ಕೋಡ್‌ಗಿಂತ ದಪ್ಪಗೆ ಹಾಕಿದ್ದೆವು. ಕೋಡ್‌ನ ಪ್ರಯೋಜನ ಕಾಣುವುದು ಬೇರೆ ಕಡೆ. ತರಕಾರಿ ಬೆಲೆ ಏರಿದಾಗ ಚಿಕ್ಕಮ್ಮ ಡಬ್ಬಿಗೆ ಹತ್ತು ರೂಪಾಯಿ ಹೆಚ್ಚು ಮಾಡಿದರು. ಪುಟದಲ್ಲಿ ಒಂದು ಅಂಕಿ ತಿದ್ದಿದರು, ಅಷ್ಟೇ. ದರವನ್ನು ಕಾಗದದ ಮೇಲೆ ಹಾಕಿರಲಿಲ್ಲವಾದ್ದರಿಂದ ಹಳೇ ಪಾಂಪ್ಲೆಟ್ ಯಾವುದೂ ಸುಳ್ಳಾಗಲಿಲ್ಲ.

ಡೊಮೇನ್ ರಿನ್ಯೂ ಮಾಡುವ ತಾರೀಖನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನದ ಪಕ್ಕದಲ್ಲೇ ಕೆಂಪು ಇಂಕಿನಲ್ಲಿ ಗುರುತು ಹಾಕಿಟ್ಟಿದ್ದಾರೆ.